ಹಿತ್ತಾಳೆ ದೀಪದ ಹಿಂದಿನ ಗೋಡೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಹೋದ ಸಲ ಹೆಂಚಿನ ಮನೆ ಸೋರೋದರ ಬಗ್ಗೆ ಮಾತಾಡಿದ್ವಿ. ಆಮೇಲೆ ಸಾಗರದಿಂದ, ಹೊಸನಗರದಿಂದ, ತೀರ್ಥಹಳ್ಳಿ ಕಡೆಯಿಂದ ಬಂದ ವಾಯ್ಸ್ ಮೆಸೇಜುಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಇತ್ತು. ಹೊಸ ಮನೆ ಕಟ್ಟಿದೀವಿ, ದೇವರ ಕೋಣೆ ಸಣ್ಣದು, ಯಾವ ಬಣ್ಣ ಹೊಡೆಸೋದು?

ಕೇಳೋಕೆ ಸಣ್ಣ ಪ್ರಶ್ನೆ. ಆದ್ರೆ ಇದಕ್ಕೆ ಸಾಮಾನ್ಯವಾಗಿ ಸಿಗೋ ಉತ್ತರ ಏನು ಗೊತ್ತಲ್ಲ. ಹಳದಿ ಶುಭ, ಕೇಸರಿ ಶುಭ, ಬಿಳಿ ಶಾಂತಿ. ಈ ಪಟ್ಟಿ ತಪ್ಪು ಅಂತ ನಾನು ಹೇಳ್ತಿಲ್ಲ, ಅವರವರ ನಂಬಿಕೆ. ಆದ್ರೆ ಈ ಪಟ್ಟಿಯಲ್ಲಿ ದೀಪಾನೂ ಇಲ್ಲ, ಹೂವೂ ಇಲ್ಲ, ನಮ್ಮೂರಿನ ಮಳೆಯೂ ಇಲ್ಲ. ಹಾಗಾಗಿ ಇವತ್ತು ಒಂದೇ ಒಂದು ಕೋಣೆಯ ಕಥೆ ಹೇಳ್ತೀನಿ. ಹೊಸನಗರ ತಾಲ್ಲೂಕಿನಲ್ಲಿರೋ ನಮ್ಮ ಸೋದರತ್ತೆ ಮನೆಯ ದೇವರ ಕೋಣೆ. ಕಳೆದ ಮಳೆಗಾಲದಿಂದ ಈ ಬೇಸಿಗೆಯವರೆಗೆ ಅದರ ಹಿಂದೆ ನಾನೂ ಓಡಾಡಿದೀನಿ.

ಕೋಣೆ ಎಷ್ಟು ದೊಡ್ಡದು ಅಂದ್ರೆ, ಅಗಲ ನಾಲ್ಕು ಅಡಿ, ಉದ್ದ ಐದು ಅಡಿ, ಎತ್ತರ ಎಂಟು ಅಡಿ. ಕಿಟಕಿ ಇಲ್ಲ. ಅಡುಗೆಮನೆ ಪಕ್ಕ, ಬಾಗಿಲು ಹಜಾರದ ಕಡೆಗೆ. ಹಳೇ ಹೆಂಚಿನ ಮನೆ ತೆಗೆದು ಆರ್‌ಸಿಸಿ ಮನೆ ಕಟ್ಟಿದಾಗ ಉಳಿದ ಜಾಗದಲ್ಲಿ ಮಾಡಿದ ಕೋಣೆ ಇದು. ಒಳಗೆ ಕಪ್ಪು ಕಡಪ ಕಲ್ಲಿನ ಎರಡು ಮೆಟ್ಟಿಲು, ಮೇಲೆ ದೇವರು, ಎರಡೂ ಕಡೆ ಹಳೇ ಮನೆಯಿಂದ ಬಂದ ಎರಡು ಹಿತ್ತಾಳೆ ಕಾಲುದೀಪ. ಗೋಡೆಗೆ ಹಳದಿ ಆಯಿಲ್ ಪೇಂಟ್. ಸೂರ್ಯಕಾಂತಿ ಹೂವಿನಂಥ ಹಳದಿ, ಫಳಫಳ ಹೊಳೆಯೋದು. ಮೇಲೆ ಬಿಳಿ ಟ್ಯೂಬ್‌ಲೈಟ್.

ಅತ್ತೆಗೆ ಎಪ್ಪತ್ತು ದಾಟಿದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಅರ್ಧ ಗಂಟೆ ದೇವರ ಮುಂದೆ ಕೂರೋದು ಅವರ ಅಭ್ಯಾಸ. ಹೊಸ ಮನೆಗೆ ಬಂದಮೇಲೆ ಅದು ಕಡಿಮೆ ಆಯ್ತು. ಹೂ ಏರಿಸಿ, ದೀಪ ಹಚ್ಚಿ, ಐದು ನಿಮಿಷದಲ್ಲಿ ಎದ್ದು ಬಂದ್ಬಿಡೋರು. ಕೇಳಿದ್ರೆ, "ಅಲ್ಲಿ ಕೂರಕ್ಕೆ ಆಗಲ್ಲ ಮಾರಾಯ್ತಿ. ದೀಪ ಹಚ್ಚಿದ್ದೇ ಕಾಣಲ್ಲ, ಗೋಡೆ ಒಂದೇ ಕಾಣ್ತದೆ" ಅಂದ್ರು. ಅವರ ಮಗ, ಅಂದ್ರೆ ನಮ್ಮ ಭಾವ, "ಅಮ್ಮಂಗೆ ಹಳೇ ಮನೆ ನೆನಪು ಅಷ್ಟೇ" ಅಂತಿದ್ರು. ನೆನಪು ಇರಬಹುದು. ಆದ್ರೆ ಅತ್ತೆ ಹೇಳಿದ್ದು ಅಕ್ಷರಶಃ ನಿಜ. ಆ ಕೋಣೆಯಲ್ಲಿ ದೀಪ ಕಾಣ್ತಿರಲಿಲ್ಲ.

ಯಾಕೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ.

ಹಿತ್ತಾಳೆ ಬಣ್ಣ ಯಾವುದು? ಹಳದಿ ಅಂತೀವಿ. ಅದು ಕಡು ಹಳದಿ ಅಲ್ಲ, ಸ್ವಲ್ಪ ಕಂದು ಬೆರೆತ ಹಳದಿ. ಅದರ ಹಿಂದೆ ಅದಕ್ಕಿಂತ ಜೋರಾದ ಹಳದಿ ಇಟ್ಟರೆ, ಕಣ್ಣಿಗೆ ಗೋಡೆ ಹಳದಿಯಾಗಿ, ಹಿತ್ತಾಳೆ ಕೊಳಕಾಗಿ ಕಾಣುತ್ತೆ. ತಿಕ್ಕಿ ತೊಳೆದ ದೀಪವೂ ತೊಳೆದಿಲ್ಲದ ಹಾಗೆ ಕಾಣೋದು ಇದಕ್ಕೇ. ಒಂದು ಬಣ್ಣ ಹೇಗೆ ಕಾಣುತ್ತೆ ಅನ್ನೋದು ಪಕ್ಕದ ಬಣ್ಣದ ಮೇಲೆ ನಿಂತಿದೆ ಅಂತ ಶೆವ್ರೆಲ್ ಅನ್ನೋ ಫ್ರೆಂಚ್ ರಸಾಯನ ವಿಜ್ಞಾನಿ 1839ರಲ್ಲೇ ಒಂದು ಇಡೀ ಪುಸ್ತಕ ಬರೆದಿದಾನೆ. ಅವನು ಪ್ಯಾರಿಸ್ಸಿನ ಗೋಬೆಲಿನ್ ಅನ್ನೋ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕೋ ವಿಭಾಗದ ಮುಖ್ಯಸ್ಥ. ಕಪ್ಪು ನೂಲು ಸರಿಯಾಗಿ ಕಪ್ಪಾಗಿಲ್ಲ ಅಂತ ದೂರು ಬಂತಂತೆ. ನೋಡಿದ್ರೆ ನೂಲಿನ ಬಣ್ಣದಲ್ಲಿ ದೋಷ ಇಲ್ಲ, ಪಕ್ಕದಲ್ಲಿ ನೇಯ್ದ ಬಣ್ಣದಿಂದ ಅದು ಹಾಗೆ ಕಾಣ್ತಿತ್ತು. ಅತ್ತೆ ಮನೆ ದೀಪದ ಕಥೆಯೂ ಅದೇ.

ಇನ್ನೊಂದು ವಿಷಯ ಇದೆ, ಇದು ಬಹಳ ಜನ ಗಮನಿಸೋದಿಲ್ಲ. ತಿಕ್ಕಿದ ಹಿತ್ತಾಳೆ ಅಂದ್ರೆ ಒಂಥರಾ ಕನ್ನಡಿ. ನೀವು ಎದುರು ನಿಂತು ದೀಪ ನೋಡಿದಾಗ ಅದರ ಮೈಮೇಲೆ ಹೊಳೆಯೋದು ಹಿಂದಿನ ಗೋಡೆ ಅಲ್ಲ. ಅಕ್ಕಪಕ್ಕದ ಗೋಡೆ, ಬಾಗಿಲು, ನಿಮ್ಮ ಸೀರೆ ಅಥವಾ ಅಂಗಿ, ಇವು ಅದರಲ್ಲಿ ಹೊಳೆಯುತ್ತವೆ. ಹಿಂದಿನ ಗೋಡೆ ದೀಪದ ಅಂಚನ್ನು ಮಾತ್ರ ತೋರಿಸುತ್ತೆ. ಹಾಗಾಗಿ ಹಿಂದಿನ ಗೋಡೆಗೂ ಪಕ್ಕದ ಗೋಡೆಗೂ ಬೇರೆ ಬೇರೆ ಕೆಲಸ. ಹಿಂದಿನದು ದೀಪಕ್ಕಿಂತ ಗಾಢವಾಗಿ, ಸಪ್ಪೆಯಾಗಿ ಇರಬೇಕು, ಆಗ ದೀಪದ ಆಕಾರ ಎದ್ದು ಕಾಣುತ್ತೆ. ಪಕ್ಕದ್ದು ತಿಳಿಯಾಗಿರಬೇಕು, ಆಗ ಹಿತ್ತಾಳೆ ಮೈ ಬೆಳ್ಳಗೆ ಹೊಳೆಯುತ್ತೆ. ನಾಲ್ಕೂ ಗೋಡೆಗೆ ಒಂದೇ ಗಾಢ ಬಣ್ಣ ಹೊಡೆದ್ರೆ ಹಿತ್ತಾಳೆಯೂ ಕಪ್ಪಾಗಿ ಕಾಣುತ್ತೆ. ನಾಲ್ಕೂ ಗೋಡೆ ಬಿಳಿ ಆದ್ರೆ ದೀಪ ಹೊಳೆಯುತ್ತೆ, ಆದ್ರೆ ಜ್ವಾಲೆ ಮತ್ತು ಬಿಳಿ ಹೂ ಗೋಡೆಯಲ್ಲಿ ಕರಗಿಹೋಗುತ್ತೆ.

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಹೋದಾಗ ಗರ್ಭಗುಡಿ ಕಡೆ ಒಂದ್ಸಲ ಈ ಕಣ್ಣಿಂದ ನೋಡಿ. ಕಲ್ಲಿನ ಬೂದು ಕತ್ತಲು, ನಡುವೆ ದೀಪ. ಸಣ್ಣ ದೀಪವೇ ಆದ್ರೂ ದೂರದಿಂದ ಕಾಣುತ್ತೆ, ಯಾಕಂದ್ರೆ ಹಿಂದೆ ಪೈಪೋಟಿಗೆ ಏನೂ ಇಲ್ಲ. ಹಳೇ ಮನೆಗಳ ದೇವರ ಒಳದಲ್ಲೂ ಹಾಗೇ. ಹೊಗೆ ಹಿಡಿದ ಮರ, ಮಣ್ಣಿನ ಗೋಡೆ. ಅಲ್ಲಿ ಯಾರೂ ಬಣ್ಣ ಆರಿಸಿರಲಿಲ್ಲ, ಊರಲ್ಲಿ ಸಿಕ್ಕಿದ್ದೇ ಆ ಬಣ್ಣ.

ಸರಿ, ಆ ಊರಲ್ಲಿ ಸಿಕ್ಕಿದ ಬಣ್ಣದಲ್ಲಿ ಇವತ್ತಿಗೆ ಯಾವುದು ಹೊಂದುತ್ತೆ? ನಾವು ಮೂರು ಆರಿಸಿಕೊಂಡ್ವಿ. ಒಂದು ಸುಣ್ಣದ ಬಿಳಿ, ಆದ್ರೆ ನೀಲಿ ಬೆರೆಸದ ಬಿಳಿ. ಎರಡು ಕೆಮ್ಮಣ್ಣು. ಮೂರು ಬೂದು ಬೆರೆತ ಹಸಿರು, ಒಣಗೋಕೆ ಶುರುವಾದ ಎಲೆ ಬಣ್ಣ ಅಂದ್ಕೊಳ್ಳಿ.

ನೀಲಿ ಯಾಕೆ ಬೇಡ ಅಂದೆ ಅಂದ್ರೆ, ಸುಣ್ಣ ಹೊಡೆಯುವಾಗ ಬಟ್ಟೆ ನೀಲಿ ಒಂದು ಚಿಟಿಕೆ ಹಾಕೋ ರೂಢಿ ನಮ್ಮಲ್ಲಿ ಇದೆ. ಅದು ಸುಣ್ಣದ ಹಳದಿ ಛಾಯೆ ಹೊಡೆದುಹಾಕಿ ಗೋಡೆಯನ್ನು ಬೆಳ್ಳಗೆ ತೋರಿಸುತ್ತೆ. ಹಜಾರಕ್ಕೆ ಚೆನ್ನಾಗಿರುತ್ತೆ. ದೀಪದ ಕೋಣೆಯಲ್ಲಿ ಮಾತ್ರ ಆ ನೀಲಿ ಬಿಳುಪು ದೀಪದ ಬೆಳಕಿಗೆ ಬೂದಿ ಹಾಗೆ ಕಾಣುತ್ತೆ. ಎಣ್ಣೆ ದೀಪದ ಬೆಳಕಿನಲ್ಲಿ ನೀಲಿ ಅಂಶ ತುಂಬಾ ಕಡಿಮೆ ಇರುತ್ತೆ. ಹಾಗಾಗಿ ಆ ಬೆಳಕಲ್ಲಿ ನೀಲಿ, ನೇರಳೆ ಎಲ್ಲ ಸತ್ತ ಹಾಗೆ, ಕೆಂಪು, ಕಂದು, ಕಾವಿ ಎಲ್ಲ ಜೀವ ಬಂದ ಹಾಗೆ ಕಾಣುತ್ತವೆ. ಇಲ್ಲಿ ನಮ್ಮೂರಿನ ಮಳೆಗಾಲ ಬಂತು ನೋಡಿ. ಆಷಾಢದಲ್ಲಿ ಆಗುಂಬೆ, ನಗರ, ಹುಲಿಕಲ್ ಕಡೆ ಕರೆಂಟು ಹೋದ್ರೆ ಯಾವಾಗ ಬರುತ್ತೆ ಅಂತ ಹೇಳೋರಿಲ್ಲ. ಬೆಂಗಳೂರಿನಲ್ಲಿ ದೇವರ ಕೋಣೆ ಬಲ್ಬಿನ ಬೆಳಕಲ್ಲೇ ಇರಬಹುದು. ಇಲ್ಲಿ ಎಷ್ಟೋ ಸಂಜೆ ಬರೀ ದೀಪದ ಬೆಳಕೇ. ಬಣ್ಣ ಆರಿಸೋವಾಗ ಆ ಬೆಳಕಲ್ಲಿ ನೋಡದೆ ಇದ್ರೆ ವರ್ಷದ ಮುಖ್ಯ ತಿಂಗಳುಗಳನ್ನೇ ಬಿಟ್ಟ ಹಾಗೆ.

ಅಂಗಡಿಯ ಶೇಡ್ ಕಾರ್ಡಿನಲ್ಲಿ ಬಣ್ಣದ ತುಂಡು ಬೆರಳಿನಷ್ಟು ಅಗಲ. ಅದನ್ನು ಅಂಗಡಿ ಟ್ಯೂಬ್‌ಲೈಟಲ್ಲಿ ನೋಡಿ ಆರಿಸೋದು ಅಂದ್ರೆ ಒಂದು ಅಗುಳು ನೋಡಿ ಊಟಕ್ಕೆ ಜನ ಕರೆದ ಹಾಗೆ. ನಾವು ಏನು ಮಾಡಿದ್ವಿ ಅಂದ್ರೆ, ಎರಡಡಿ ಚೌಕದ ಮೂರು ಪ್ಲೈವುಡ್ ತುಂಡು ತಂದು, ಮೂರಕ್ಕೂ ಎರಡು ಸಲ ಬಣ್ಣ ಹೊಡೆದು, ಒಣಗಿಸಿ, ಒಂದೊಂದನ್ನೇ ಮೂರು ಮೂರು ದಿನ ದೀಪದ ಹಿಂದೆ ಇಟ್ವಿ. ಬೆಳಿಗ್ಗೆ ಬಾಗಿಲಿಂದ ಬರೋ ಬೆಳಕಲ್ಲಿ ಒಂದ್ಸಲ, ಬಲ್ಬ್ ಹಾಕಿ ಒಂದ್ಸಲ, ಬರೀ ದೀಪದಲ್ಲಿ ಒಂದ್ಸಲ ನೋಡೋದು. ಇದು ನಡೆದಿದ್ದು ಶ್ರಾವಣದಲ್ಲಿ, ಹಾಗಾಗಿ ಹೂವಿಗೆ ಬರ ಇರಲಿಲ್ಲ. ಅಂಗಳದಲ್ಲಿ ಡೇರೆ, ಬೇಲಿಯಲ್ಲಿ ದಾಸವಾಳ, ಬಾವಿಕಟ್ಟೆ ಹತ್ರ ನಂದಿಬಟ್ಟಲು.

ಬಿಳಿ ತುಂಡಿನ ಮುಂದೆ ಹಿತ್ತಾಳೆ ಚೆನ್ನಾಗಿ ಕಾಣ್ತು. ಕೆಂಪು ದಾಸವಾಳ ಚೆನ್ನಾಗಿ ಕಾಣ್ತು. ನಂದಿಬಟ್ಟಲು ಇಲ್ಲವೇ ಇಲ್ಲ. ಅತ್ತೆ ಹೂ ಇಟ್ಟು, ಇಟ್ಟಿದೀನೋ ಇಲ್ವೋ ಅಂತ ಕೈಯಿಂದ ಮುಟ್ಟಿ ನೋಡ್ತಿದ್ರು. ಮೂರನೇ ದಿನಕ್ಕೆ ದೀಪದ ಮೇಲ್ಗಡೆ ತೆಳು ಮಸಿ ಗೆರೆಯೂ ಶುರುವಾಗಿತ್ತು.

ಹಸಿರು ತುಂಡು ಹಗಲಲ್ಲಿ ಮೂರರಲ್ಲೂ ಚೆಂದ. ದಾಸವಾಳ, ಡೇರೆ, ಹಿತ್ತಾಳೆ ಎಲ್ಲ ಗಿಡದಲ್ಲೇ ಇದ್ದ ಹಾಗೆ. ನನಗೂ ಅದೇ ಇಷ್ಟ ಆಗಿತ್ತು. ಆದ್ರೆ ಸಂಜೆ ಕರೆಂಟು ಹೋಯ್ತು, ಬರೀ ದೀಪ ಉಳೀತು, ಹಸಿರು ಹೋಗಿ ಕೆಸರು ಬಣ್ಣ ಆಯ್ತು. ಅತ್ತೆ "ಗದ್ದೆ ಬದು ಕಂಡಂಗೆ ಕಾಣ್ತದೆ" ಅಂದ್ರು.

ಕೆಮ್ಮಣ್ಣಿನ ತುಂಡು ಹಗಲಲ್ಲಿ ಸಾಧಾರಣ. ಸ್ವಲ್ಪ ಭಾರ ಅನ್ಸುತ್ತೆ. ಸಂಜೆ ದೀಪ ಹಚ್ಚಿದ ಮೇಲೆ ಬೇರೆಯೇ ಆಗ್ಬಿಡ್ತು. ಗೋಡೆ ಹಿಂದೆ ಸರಿದ ಹಾಗೆ, ಹಿತ್ತಾಳೆ ಮುಂದೆ ಬಂದ ಹಾಗೆ. ಜ್ವಾಲೆಯ ತುದಿ ಕೂಡ ಗೆರೆ ಎಳೆದ ಹಾಗೆ ಕಾಣ್ತಿತ್ತು. ನಂದಿಬಟ್ಟಲು ನಕ್ಷತ್ರದ ಹಾಗೆ. ಸೋತಿದ್ದು ಒಂದೇ, ಕೆಂಪು ದಾಸವಾಳ. ಕೆಂಪಿನ ಮುಂದೆ ಕೆಂಪು, ಅದೂ ಮಂದ ಬೆಳಕಲ್ಲಿ, ಹೂವಿನ ಎಸಳು ಕಪ್ಪಗೆ ಕಾಣುತ್ತೆ. ಕೇಪಳ ಹೂವಿನ ಕಥೆಯೂ ಇದೇ. ನಿಮ್ಮ ಮನೆಯಲ್ಲಿ ವರ್ಷಪೂರ್ತಿ ದಾಸವಾಳವೇ ಮುಖ್ಯ ಹೂ ಅಂದ್ರೆ ಈ ಬಣ್ಣಕ್ಕೆ ಮೊದಲೇ ಎರಡು ಸಲ ಯೋಚನೆ ಮಾಡಿ. ಅತ್ತೆ ಇದಕ್ಕೆ ದಾರಿ ಅವರೇ ಕಂಡ್ಕೊಂಡ್ರು. ಕೆಂಪು ಹೂವನ್ನ ಗೋಡೆಗೆ ಎದುರಾಗಿ ಇಡೋದು ಬಿಟ್ಟು, ಮೆಟ್ಟಿಲ ಮೇಲೆ ಹಿತ್ತಾಳೆ ಹರಿವಾಣದಲ್ಲಿ ಇಡೋದು. ಹಿತ್ತಾಳೆ ಮೇಲೆ ಕೆಂಪು ಬಹಳ ಚೆನ್ನಾಗಿ ಕಾಣುತ್ತೆ. ಬಿಳಿ, ಹಳದಿ ಹೂ ಮಾತ್ರ ಮೇಲೆ, ಗೋಡೆಗೆ ಎದುರು. ಚಳಿಗಾಲದಲ್ಲಿ ಸೇವಂತಿಗೆ, ಬೇಸಿಗೆಯಲ್ಲಿ ಮಲ್ಲಿಗೆ, ಸುರಗಿ ಬರೋದರಿಂದ ಉಳಿದ ಕಾಲಕ್ಕೆ ಈ ತೊಂದರೆ ಇಲ್ಲ.

ಕೆಮ್ಮಣ್ಣಿನ ಮೇಲೆ ಬಿಳಿ ಎದ್ದು ಕಾಣೋದು ಸಾಗರ, ಸೊರಬ ಕಡೆಯವರಿಗೆ ಹೊಸ ವಿಷಯ ಏನಲ್ಲ. ದೀವರ ಹೆಣ್ಣುಮಕ್ಕಳು ಬರೆಯೋ ಹಸೆ ಚಿತ್ತಾರ ನೋಡಿದೀರಲ್ಲ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಬರೆಯೋಕೆ ಪುಂಡಿ ನಾರಿನ ಕುಂಚ. ಹಳದಿ ಅಲ್ಲೂ ಇದೆ ನೋಡಿ, ಆದ್ರೆ ಎಷ್ಟಿದೆ? ಗೆರೆಯಷ್ಟು. ಗೋಡೆ ತುಂಬಾ ಅಲ್ಲ. ನಮ್ಮ ದೇವರ ಕೋಣೆಯಲ್ಲಿ ಆ ಹಳದಿ ಗೆರೆಯ ಜಾಗವನ್ನು ಹಿತ್ತಾಳೆ ದೀಪಕ್ಕೆ ಬಿಟ್ಕೊಟ್ರೆ ಸಾಕು.

ಈಗ ಕಣ್ಣಿನ ವಿಷಯ. ನನ್ನ ಪ್ರಕಾರ ಮನೆಗಳಲ್ಲಿ ಬಣ್ಣದ ಜಗಳಕ್ಕೆ ಅರ್ಧ ಕಾರಣ ಇದೇ. ಅತ್ತೆಯ ಎರಡೂ ಕಣ್ಣಲ್ಲಿ ಪೊರೆ ಇತ್ತು. ವಯಸ್ಸಾದಂತೆ ಕಣ್ಣಿನ ಒಳಗಿನ ಮಸೂರ ಹಳದಿಗೆ ತಿರುಗುತ್ತೆ. ತಿಳಿಹಳದಿ ಕನ್ನಡಕ ಹಾಕ್ಕೊಂಡು ಲೋಕ ನೋಡಿದ ಹಾಗೆ. ಬಿಳಿಗೂ ತಿಳಿ ಹಳದಿಗೂ ವ್ಯತ್ಯಾಸ ಗೊತ್ತಾಗೋದಿಲ್ಲ. ಜೊತೆಗೆ ಬೆಳಕು ಕಣ್ಣೊಳಗೆ ಚದುರೋದರಿಂದ ಹೊಳೆಯೋ ಗೋಡೆ ನೋಡಿದ್ರೆ ಕಣ್ಣು ಕುಕ್ಕುತ್ತೆ. ಆ ಹಳದಿ ಆಯಿಲ್ ಪೇಂಟಿನ ಗೋಡೆಯಲ್ಲಿ ಟ್ಯೂಬ್‌ಲೈಟು ಪೂರ್ತಿ ಉದ್ದಕ್ಕೆ ಹೊಳೀತಿತ್ತು. ಭಾವನ ಕಣ್ಣಿಗೆ ಅದು ಲಕ್ಷಣವಾದ ಗೋಡೆ, ಅತ್ತೆ ಕಣ್ಣಿಗೆ ಎದುರು ಬರೋ ಬಸ್ಸಿನ ಹೆಡ್‌ಲೈಟು. ಇಬ್ಬರೂ ಸುಳ್ಳು ಹೇಳ್ತಿರಲಿಲ್ಲ. ಇನ್ನೊಂದು ಭಯ ಇತ್ತು. ಹಳದಿ ಗೋಡೆ ಮುಂದೆ ಹಳದಿ ಜ್ವಾಲೆ ಸರಿಯಾಗಿ ಕಾಣದೆ, ಬತ್ತಿ ಸರಿಮಾಡೋಕೆ ಬಗ್ಗಿದಾಗ ಸೆರಗು ಎಲ್ಲಿದೆ ಅಂತ ಅವರಿಗೆ ತಿಳೀತಿರಲಿಲ್ಲ. ಹಿಂದಿನ ಗೋಡೆ ಗಾಢ ಆದ್ರೆ ಜ್ವಾಲೆ ಎಲ್ಲಿದೆ ಅನ್ನೋದು ಮಬ್ಬು ಕಣ್ಣಿಗೂ ಗೊತ್ತಾಗುತ್ತೆ. ಇದು ನನಗೆ ಶಾಂತಿ, ಅಂದ ಎಲ್ಲಕ್ಕಿಂತ ಮುಖ್ಯ ಅನ್ನಿಸ್ತು.

ನವೆಂಬರಿನಲ್ಲಿ ಅವರಿಗೆ ಪೊರೆ ಆಪರೇಷನ್ ಆಯ್ತು. ಪಕ್ಕದ ಗೋಡೆಗೆ ಅಂತ ನಾವು ಎರಡು ಬಿಳಿ ಆರಿಸಿ ಇಟ್ಟಿದ್ವಿ. ಒಂದು ಕೆನೆ ಬಣ್ಣ, ಇನ್ನೊಂದು ಅಚ್ಚ ಬಿಳಿ. ಆಗಸ್ಟಿನಲ್ಲಿ ಕೆನೆ ಬಣ್ಣ ನೋಡಿ "ಇದು ಹಳೇ ಲುಂಗಿ ಬಣ್ಣ" ಅಂತ ಪಕ್ಕಕ್ಕಿಟ್ಟಿದ್ರು. ಡಿಸೆಂಬರಿನಲ್ಲಿ ಅದೇ ತುಂಡು ತೋರಿಸಿದ್ರೆ, "ಇದು ಯಾವಾಗ ತಂದೆ? ಇದು ಆಗಬಹುದು" ಅಂದ್ರು. ಅಚ್ಚ ಬಿಳಿ ನೋಡಿ "ನೀಲಿ ಹಾಕೀರಾ?" ಅಂತ ಕೇಳಿದ್ರು. ಹಳದಿ ಮಸೂರ ತೆಗೆದ ಮೇಲೆ ಕೆಲವು ದಿನ, ಕೆಲವರಿಗೆ ತಿಂಗಳುಗಳ ಕಾಲ, ಬಿಳಿ ಎಲ್ಲ ನೀಲಿ ಬೆರೆತ ಹಾಗೆ ಕಾಣೋದು ಸಹಜ. ಹಾಗಾಗಿ ಮನೆಯಲ್ಲಿ ಹಿರಿಯರಿಗೆ ಆಪರೇಷನ್ ಆಗೋದಿದ್ರೆ, ಬಣ್ಣವನ್ನ ಅದಾದ ಮೇಲೆ, ಕಣ್ಣು ಹೊಂದಿಕೊಂಡ ಮೇಲೆ ಆರಿಸಿ. ಯಾರು ಆ ಕೋಣೆಯಲ್ಲಿ ಹೆಚ್ಚು ಹೊತ್ತು ಕೂರ್ತಾರೋ ಅವರ ಕಣ್ಣಿಂದ ಆರಿಸಿ.

ಬಣ್ಣ ಹೊಡೆಯೋದು ಜನವರಿಯಲ್ಲಿ ಅಂತ ಆಯ್ತು. ಮಳೆಗಾಲ ಮುಗಿದ ತಕ್ಷಣ ಹೊಡೆಯೋದು ನಮ್ಮೂರಲ್ಲಿ ಎಲ್ಲರಿಗೂ ಇರೋ ಆತುರ, ದೀಪಾವಳಿ ಬಂತಲ್ಲ ಅಂತ. ಆದ್ರೆ ಜೂನಿನಿಂದ ನೆಂದ ಗೋಡೆ ಅಕ್ಟೋಬರಿಗೆ ಮೇಲೆ ಒಣಗಿರುತ್ತೆ, ಒಳಗೆ ಅಲ್ಲ. ಒಳಗಿನ ನೀರು ಹೊರಗೆ ಬರುವಾಗ ಸಿಮೆಂಟಿನ ಉಪ್ಪನ್ನೂ ತರುತ್ತೆ, ಬಣ್ಣ ಗುಳ್ಳೆ ಏಳುತ್ತೆ, ಬಿಳಿ ಪುಡಿ ಉದುರುತ್ತೆ. ತಿಳಿ ಗೋಡೆಯಲ್ಲಿ ಆ ಬಿಳಿ ಉಪ್ಪು ಕಾಣೋದಿಲ್ಲ, ಕೆಮ್ಮಣ್ಣು ಬಣ್ಣದ ಮೇಲೆ ಸುಣ್ಣ ಚೆಲ್ಲಿದ ಹಾಗೆ ಕಾಣುತ್ತೆ. ಗಾಢ ಬಣ್ಣ ಬಯಸೋರು ಇದನ್ನ ಲೆಕ್ಕಕ್ಕೆ ತಗೋಬೇಕು.

ಗೋಡೆ ಒಣಗಿದೆಯಾ ಅಂತ ನೋಡೋಕೆ ಒಂದು ಸುಲಭದ ದಾರಿ ಇದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ತಗೊಂಡು, ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಒಳಭಾಗದಲ್ಲಿ, ಅಂದ್ರೆ ಗೋಡೆ ಕಡೆಗೆ, ನೀರಿನ ಹನಿ ಕೂತಿದ್ರೆ ಅಥವಾ ಗೋಡೆ ಕಪ್ಪಾಗಿದ್ರೆ ತೇವ ಗೋಡೆಯೊಳಗಿಂದ ಬರ್ತಿದೆ. ಹೊರಭಾಗದಲ್ಲಿ ಮಾತ್ರ ಹನಿ ಇದ್ರೆ ಅದು ಕೋಣೆಯ ಗಾಳಿಯ ತೇವ. ಎರಡಕ್ಕೂ ಮದ್ದು ಬೇರೆ. ಒಳಗಿನ ತೇವಕ್ಕೆ ಯಾವ ಪೇಂಟೂ ಮದ್ದಲ್ಲ, ಆಚೆ ಬದಿಯಲ್ಲಿ ಬಚ್ಚಲೋ, ಪೈಪೋ, ಸೋರೋ ಸಜ್ಜೆಯೋ ಏನಿದೆ ಅಂತ ಹುಡುಕಬೇಕು. ಗಾಳಿಯ ತೇವಕ್ಕೆ ಬಾಗಿಲ ಮೇಲೆ ಒಂದು ಜಾಲಿ ಕಿಂಡಿ ಬಿಟ್ರೆ ಬಹಳಷ್ಟು ಸರಿಹೋಗುತ್ತೆ. ಅತ್ತೆ ಮನೆಯಲ್ಲಿ ಅಕ್ಟೋಬರಿನಲ್ಲಿ ಹಾಳೆ ಒಳಗೆ ಮಂಜು ಕವಿದಿತ್ತು, ಜನವರಿ ಮೊದಲ ವಾರದಲ್ಲಿ ಒಣಗಿತ್ತು. ಆಮೇಲೇ ಪೇಂಟರಣ್ಣನಿಗೆ ಫೋನ್ ಮಾಡಿದ್ದು.

ಅವನು ಕೇಳಿದ ಮೊದಲ ಪ್ರಶ್ನೆ, "ನಿಜವಾದ ಕೆಮ್ಮಣ್ಣೇ ಬಳಿಯೋದಾ?" ಒಳ್ಳೇ ಪ್ರಶ್ನೆ. ಮಣ್ಣಿನ ಗೋಡೆಯೋ ಸುಣ್ಣದ ಗಾರೆಯೋ ಆಗಿದ್ರೆ ಬಳಿಯಬಹುದು, ಅದರಷ್ಟು ಹೊಳಪಿಲ್ಲದ ಮೇಲ್ಮೈ ಡಬ್ಬಿಯಲ್ಲಿ ಸಿಗೋದು ಕಷ್ಟ. ಆದ್ರೆ ಆಯಿಲ್ ಪೇಂಟ್ ಇರೋ ಗೋಡೆ ಮೇಲೆ ಮಣ್ಣೂ ನಿಲ್ಲಲ್ಲ, ಸುಣ್ಣಾನೂ ನಿಲ್ಲಲ್ಲ. ಒಣಗಿದ ಮೇಲೆ ಹಾಳೆ ಹಾಳೆಯಾಗಿ ಉದುರುತ್ತೆ. ಜೊತೆಗೆ ಮಣ್ಣು ಬಳಿದ ಗೋಡೆಗೆ ಬೆನ್ನು ತಾಗಿದ್ರೆ ಸೀರೆಯೂ ಕೆಂಪು. ನಾಲ್ಕಡಿ ಕೋಣೆಯಲ್ಲಿ ತಾಗದೇ ಇರೋದು ಹೇಗೆ? ಹಾಗಾಗಿ ಆ ಬಣ್ಣದ್ದೇ ಎಮಲ್ಷನ್, ಹೊಳಪಿಲ್ಲದ್ದು, ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ್ದು ಅಂತ ಹೇಳಿದ್ವಿ.

ಬಣ್ಣ ಹೊಂದಿಸೋಕೆ ಅಂಗಡಿಗೆ ಒಂದು ಹೆಂಟೆ ಕೆಮ್ಮಣ್ಣೇ ತಗೊಂಡು ಹೋದ್ವಿ. ಚೆನ್ನಾಗಿ ಒಣಗಿಸಿದ ಹೆಂಟೆ. ಹಸಿ ಮಣ್ಣು ಗಾಢವಾಗಿ ಕಾಣುತ್ತೆ, ಅದಕ್ಕೆ ಹೊಂದಿಸಿದ್ರೆ ಗೋಡೆ ಕಾಫಿ ಡಿಕಾಕ್ಷನ್ ಬಣ್ಣ ಆಗ್ತಿತ್ತು. ಈ ಕೆಂಪಿಗೆ ಕಾರಣ ಮಣ್ಣಿನಲ್ಲಿರೋ ಕಬ್ಬಿಣದ ಆಕ್ಸೈಡು, ನಮ್ಮ ರೆಡ್ ಆಕ್ಸೈಡ್ ನೆಲಕ್ಕೂ ಅದೇ. ಅದು ಬಿಸಿಲಿಗೂ ಮಾಸಲ್ಲ, ಸಿಮೆಂಟಿನ ಕ್ಷಾರಕ್ಕೂ ಬಗ್ಗಲ್ಲ. ಜೋರು ಗುಲಾಬಿ, ನೇರಳೆಗೆ ಬಳಸೋ ಕೆಲವು ಬಣ್ಣಗಳು ಹೊಸ ಸಿಮೆಂಟಿನ ಮೇಲೆ ಅಲ್ಲಲ್ಲಿ ಬಿಳಿಚಿಕೊಳ್ಳೋದು ನೋಡಿರ್ತೀರಿ. ಇದಕ್ಕೆ ಆ ರೋಗ ಇಲ್ಲ.

ಹಳೇ ಆಯಿಲ್ ಪೇಂಟನ್ನ ಮರಳು ಕಾಗದದಿಂದ ಹೊಳಪು ಪೂರ್ತಿ ಹೋಗೋ ತನಕ ಉಜ್ಜಬೇಕು. ಅದಕ್ಕೆ ಮೊದಲು ಸೋಪಿನ ನೀರಲ್ಲಿ ಎಣ್ಣೆ ಜಿಡ್ಡು ತೊಳೀಬೇಕು, ದೇವರ ಕೋಣೆ ಗೋಡೆಗೆ ಎಣ್ಣೆ ಹಬೆ ಕೂತಿರುತ್ತೆ. ಜಿಡ್ಡಿನ ಮೇಲೆ ಉಜ್ಜಿದ್ರೆ ಜಿಡ್ಡು ಹರಡುತ್ತೆ ಅಷ್ಟೇ. ಆಮೇಲೆ ಪ್ರೈಮರ್, ಆಮೇಲೆ ಎರಡು ಕೋಟ್. ಉಗುರಿಂದ ಗೀರಿ ನೋಡಿ, ಸಿಪ್ಪೆ ಎದ್ದು ಬಂದ್ರೆ ಉಜ್ಜಿದ್ದು ಸಾಕಾಗಿಲ್ಲ ಅಂತ ಅರ್ಥ.

ಲೆಕ್ಕ ಹೇಳ್ತೀನಿ, ಬಿ.ಕಾಂ. ಓದಿದ್ದಕ್ಕೆ ಅಷ್ಟಾದರೂ ಬೇಡ್ವಾ. ಹಿಂದಿನ ಗೋಡೆ ನಾಲ್ಕು ಅಡಿ ಅಗಲ, ಎಂಟು ಅಡಿ ಎತ್ತರ, 32 ಚದರ ಅಡಿ. ಉಳಿದ ಮೂರು ಗೋಡೆ, ಬಾಗಿಲು ಕಳೆದು, ಸುಮಾರು 96. ಸೂರು 20. ಒಂದು ಲೀಟರ್ ಎಮಲ್ಷನ್ ಎರಡು ಕೋಟಿಗೆ ಸುಮಾರು 120ರಿಂದ 140 ಚದರ ಅಡಿ ಬರುತ್ತೆ. ಅಂದ್ರೆ ಕೆನೆ ಬಣ್ಣ ಒಂದು ಲೀಟರು, ಕೆಮ್ಮಣ್ಣು ಬಣ್ಣ ಒಂದು ಲೀಟರು ತಂದ್ರೆ ಎರಡನೆಯದರಲ್ಲಿ ಮುಕ್ಕಾಲು ಪಾಲು ಉಳಿಯುತ್ತೆ. ಇಷ್ಟು ಸಣ್ಣ ಕೋಣೆಗೆ ಅಂಗಡಿಯವರು ದೊಡ್ಡ ಬಕೆಟ್ಟಿನ ಆಫರ್ ಹೇಳಿದ್ರೆ ನಕ್ಕು ಬನ್ನಿ. ಬದಲಿಗೆ ಒಂದು ದರ್ಜೆ ಮೇಲಿನ ಪೇಂಟ್ ತಗೊಳ್ಳಿ, ಒಂದೆರಡು ಲೀಟರಿನಲ್ಲಿ ದೊಡ್ಡ ವ್ಯತ್ಯಾಸ ಬರಲ್ಲ.

ಸೂರಿಗೂ ಪಕ್ಕದ ಗೋಡೆಯ ಕೆನೆ ಬಣ್ಣವೇ. ಅಚ್ಚ ಬಿಳಿ ಆದ್ರೆ ಮಸಿ ಮೊದಲು ಅಲ್ಲೇ ಕಾಣುತ್ತೆ, ಗಾಢ ಆದ್ರೆ ಕೋಣೆ ತಲೆ ಮೇಲೆ ಕೂತ ಹಾಗಾಗುತ್ತೆ. ಮಸಿಗೆ ಬಣ್ಣಕ್ಕಿಂತ ಬತ್ತಿಯೇ ಮುಖ್ಯ. ಬತ್ತಿ ಉದ್ದ ಬಿಟ್ಟಷ್ಟೂ ಜ್ವಾಲೆ ಎತ್ತರ, ಹೊಗೆ ಜಾಸ್ತಿ. ಜ್ವಾಲೆ ನಿಂತು ಉರೀಬೇಕು, ತುದಿಯಲ್ಲಿ ಕಪ್ಪು ನೂಲು ಏಳಬಾರದು. ಕರ್ಪೂರ ಹೇಗೇ ಹಚ್ಚಿದ್ರೂ ಮಸಿ ಬಿಡುತ್ತೆ, ಅದಕ್ಕೆ ಆರತಿಯನ್ನ ಬಾಗಿಲ ಹತ್ರ ಮಾಡೋದು ಅಂತ ಅತ್ತೆ ಮಾಡ್ಕೊಂಡ್ರು. ಕಾಲುದೀಪಗಳನ್ನ ಗೋಡೆಯಿಂದ ಒಂದು ಅಡಿ ಮುಂದೆ ತಂದ್ವಿ. ಹಿಂದಿನ ಗೋಡೆ ಗಾಢ ಆಗಿದ್ದರಿಂದ ಈಗ ಆಗೋ ಅಷ್ಟಿಷ್ಟು ಮಸಿ ಕಾಣೋದೇ ಇಲ್ಲ.

ಬಲ್ಬಿನ ಬಗ್ಗೆ ಎರಡು ಮಾತು. ಡಬ್ಬಿ ಮೇಲೆ 6500ಕೆ ಅಂತ ಇದ್ರೆ ಅದು ನೀಲಿ ಬಿಳುಪು, ಅದರ ಕೆಳಗೆ ಹಿತ್ತಾಳೆ ಹಸಿರುಗಟ್ಟಿದ ಹಾಗೆ ಕಾಣುತ್ತೆ. 2700ಕೆ ಅಥವಾ 3000ಕೆ ಅಂತ ಇರೋದು ತಗೊಳ್ಳಿ, ವಾರ್ಮ್ ವೈಟ್ ಅಂತ ಕೇಳಿದ್ರೆ ಕೊಡ್ತಾರೆ. ಸಿಆರ್‌ಐ ಅಂತ ಇನ್ನೊಂದು ಸಂಖ್ಯೆ ಇರುತ್ತೆ, ಅದು 90 ಅಥವಾ ಹೆಚ್ಚಿದ್ರೆ ಕುಂಕುಮ, ದಾಸವಾಳದ ಕೆಂಪು ಸರಿಯಾಗಿ ಕಾಣುತ್ತೆ. ಕಡಿಮೆ ಇರೋ ಬಲ್ಬುಗಳಲ್ಲಿ ಕೆಂಪು ಅಂಶವೇ ಕೊರತೆ, ನೀವು ಎಷ್ಟು ಒಳ್ಳೇ ಪೇಂಟ್ ಹೊಡೆಸಿದ್ರೂ ಕೆಂಪು ಕಂದಾಗುತ್ತೆ. ಅತ್ತೆ ಕೋಣೆಗೆ ಐದು ವ್ಯಾಟಿನ ಒಂದೇ ಬಲ್ಬು, ಬಾಗಿಲ ಮೇಲೆ ಒಳಗಡೆ, ಕಣ್ಣಿಗೆ ನೇರ ಬೀಳದ ಹಾಗೆ ಹಲಗೆ ಮರೆ ಮಾಡಿ ಹಾಕಿದೀವಿ.

ಒಂದು ಮಿತಿ ಇದೆ, ಅದನ್ನೂ ಹೇಳ್ಬೇಕು. ಈ ಲೆಕ್ಕವೆಲ್ಲ ತಿಕ್ಕಿದ ಹಿತ್ತಾಳೆಗೆ. ನಮ್ಮ ಮಳೆಗಾಲದಲ್ಲಿ ಹಿತ್ತಾಳೆ ಬೇಗ ಕಂದುಗಟ್ಟುತ್ತೆ. ಕಂದಾದ ದೀಪವನ್ನ ಕೆಮ್ಮಣ್ಣು ಬಣ್ಣದ ಗೋಡೆ ಮುಂದೆ ಇಟ್ಟರೆ ದೀಪ ಗೋಡೆಯೊಳಗೆ ಹೋದ ಹಾಗೆ. ಹುಣಸೆಹಣ್ಣೋ, ಮುರುಗಲು ಸಿಪ್ಪೆಯೋ ಹಾಕಿ ವಾರಕ್ಕೊಮ್ಮೆ ತಿಕ್ಕಬೇಕು. ತಿಕ್ಕೋಕೆ ಕೈಯಲ್ಲಿ ಆಗದವರು, ಹಿಂದಿನ ಗೋಡೆಯನ್ನ ಇನ್ನೂ ಎರಡು ಶೇಡ್ ತಿಳಿಯಾಗಿ, ಒಣ ಮಣ್ಣಿಗೆ ಸುಣ್ಣ ಬೆರೆಸಿದ ಹಾಗೆ ಇಟ್ಟುಕೊಳ್ಳಿ. ಆಗ ಕಂದು ದೀಪವೂ ಕಾಣುತ್ತೆ, ಬಿಳಿ ಹೂವೂ ಸುಮಾರಾಗಿ ಕಾಣುತ್ತೆ. ಎರಡೂ ಪೂರ್ತಿ ಸಿಗಲ್ಲ. ತೀರ್ಥಹಳ್ಳಿಯಿಂದ ಮೆಸೇಜ್ ಮಾಡಿದ ಒಬ್ಬರು ಅಪಾರ್ಟ್‌ಮೆಂಟಿನ ಗೋಡೆ ಕಪಾಟಿನಲ್ಲೇ ದೇವರು ಅಂದಿದ್ರು. ಅವರಿಗೂ ಇದೇ ಕ್ರಮ, ಕಪಾಟಿನ ಹಿಂಬದಿ ಹಲಗೆ ಮಾತ್ರ ಗಾಢ, ಪಕ್ಕದ ಹಲಗೆ ತಿಳಿ. ಬಣ್ಣದ ಬದಲು ಹಿಂದೆ ಹೊಳಪಿಲ್ಲದ ಕಾವಿ ಬಣ್ಣದ ಬಟ್ಟೆ ಬಿಗಿದರೂ ಆಗುತ್ತಿತ್ತು, ಆದ್ರೆ ಜ್ವಾಲೆ ಪಕ್ಕ ಬಟ್ಟೆ ಬೇಡ.

ಅತ್ತೆ ಈಗ ಎಷ್ಟು ಹೊತ್ತು ಕೂರ್ತಾರೆ ಅಂತ ನಾನು ಗಡಿಯಾರ ಹಿಡಿದಿಲ್ಲ. ಭಾವ ಮಾತ್ರ, "ಸಂಜೆ ಕಾಫಿ ಲೇಟ್ ಆಗ್ತಿದೆ" ಅಂತ ಮೊನ್ನೆ ಫೋನಲ್ಲಿ ಗೊಣಗಿದ್ರು.

ಉಳಿದ ಬಣ್ಣದ ಡಬ್ಬಿ ಎಸೀಬೇಡಿ. ಮುಚ್ಚಳ ಬಿಗಿಯಾಗಿ ಹಾಕಿ, ಶೇಡ್ ನಂಬರು ಮತ್ತು ತಾರೀಕು ಡಬ್ಬಿ ಮೇಲೆ ಬರೆದು, ಅಟ್ಟದ ಬಿಸಿಯಲ್ಲಿ ಇಡದೆ ತಂಪಿನ ಜಾಗದಲ್ಲಿಡಿ. ಮಳೆಗಾಲ ಮುಗಿದ ಮೇಲೆ ಎಲ್ಲಾದರೂ ಉಪ್ಪು ಎದ್ದಿದ್ರೆ ನೀರು ಹಾಕದೆ ಒಣ ಬ್ರಷ್ಷಿನಿಂದ ಉಜ್ಜಿ ತೆಗೆದು, ಗೋಡೆ ಒಣಗಿದ ಮೇಲೆ ಅಷ್ಟು ಜಾಗಕ್ಕೆ ಮಾತ್ರ ಹಚ್ಚಿದ್ರಾಯ್ತು.